ಪದಚರ್ಚೆ: 'ನಕಾರಾತ್ಮಕ ಸ್ವಾತಂತ್ರ್ಯ'ಕ್ಕೆ ಬೇರೆ ಪದ ಬೇಕೇ?

ಅಧ್ಯಾಪಕಿ, ಯಾದಗಿರಿ:
ಬಿ.ಎ. ವಿದ್ಯಾರ್ಥಿಗಳು 'ನಕಾರಾತ್ಮಕ ಸ್ವಾತಂತ್ರ್ಯ' ಎಂದರೆ ಕೆಟ್ಟ ಸ್ವಾತಂತ್ರ್ಯ, 'ಸಕಾರಾತ್ಮಕ' ಎಂದರೆ ಒಳ್ಳೆಯದು ಎಂದೇ ಬರೆಯುತ್ತಾರೆ. 'ತಡೆಯಿಲ್ಲದ ಸ್ವಾತಂತ್ರ್ಯ', 'ಸಾಮರ್ಥ್ಯದ ಸ್ವಾತಂತ್ರ್ಯ' ಎಂದು ಹೇಳಿಕೊಟ್ಟರೆ ಅರ್ಥ ಕೆಡುತ್ತದೆಯೇ?

ವಕೀಲರು, ಬೀದರ್:
ಸರಳ ಅದ ರೀ ಮೇಡಂ. ಮಾತು ನಕಾರಾತ್ಮಕ, ಶಾಲಿ ಸಕಾರಾತ್ಮಕ. ಆನ್‌ಲೈನಿನಾಗ ಮನ ನೋಯಿಸೋ ಮಾತು ಹಾಕಿದ್ರ ಜೈಲು ಅಂತಿದ್ದ ಐಟಿ ಕಾಯ್ದೆಯ 66ಎ ಕಲಂ 2015ರಾಗ ಸುಪ್ರೀಂ ಕೋರ್ಟು ರದ್ದು ಮಾಡ್ತು. ಸರ್ಕಾರ ಏನೂ ಕಟ್ಟಿಕೊಡಬೇಕಾಗಲಿಲ್ಲ, ಕೈ ಹಿಂದಕ್ಕ ತೊಗೊಂಡ್ರ ಸಾಕಾಯ್ತು.

ನಿವೃತ್ತ ಪ್ರಾಧ್ಯಾಪಕರು, ಕಲಬುರಗಿ:
66ಎ ಉದಾಹರಣೆ ಸರಿ. ಆದರೆ ಮಾತು ಒಂದು ಕಡೆ, ಶಾಲೆ ಇನ್ನೊಂದು ಕಡೆ ಎಂದು ಹಂಚಲು ಬರುವುದಿಲ್ಲ. ಚಿತ್ರವೊಂದರ ಪ್ರದರ್ಶನದ ಪ್ರಕರಣದಲ್ಲಿ 1989ರಲ್ಲಿ ಅದೇ ಕೋರ್ಟು, ಗಲಾಟೆಯ ಬೆದರಿಕೆಯಿದೆ ಎಂದು ಸರ್ಕಾರ ಮಾತನ್ನೇ ಅಡಗಿಸುವಂತಿಲ್ಲ, ರಕ್ಷಣೆ ಕೊಡುವುದು ಅದರ ಹೊಣೆ ಎಂದಿತು. ಅಲ್ಲಿ ಸುಮ್ಮನಿದ್ದರೆ ಸಾಲದು, ಪೊಲೀಸರನ್ನು ಕಳಿಸಬೇಕು.

ತರಗತಿಯಲ್ಲಿ ಒಂದು ತಾಂಡಾದ ಶಾಲೆಯನ್ನು ಎತ್ತಿಕೊಳ್ಳಿ. ಒಂದರಿಂದ ಐದನೇ ತರಗತಿವರೆಗೆ 45 ಮಕ್ಕಳು, ಒಬ್ಬರೇ ಶಿಕ್ಷಕರು. ಶಾಲೆಗೆ ಬರಬೇಡ ಎಂದು ಯಾರೂ ಅಂದಿಲ್ಲ, ಆದ್ದರಿಂದ ತಡೆಯಿಲ್ಲದ ಸ್ವಾತಂತ್ರ್ಯ ಪೂರ್ತಿ ಇದೆ. ಆದರೂ ಮಗುವಿಗೆ ಓದು ಬರುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಬೇಕು ಎನ್ನುತ್ತದೆ. ಇಲ್ಲಿ ಯಾವ ಆದೇಶವನ್ನು ರದ್ದು ಮಾಡಿದರೂ ಪ್ರಯೋಜನವಿಲ್ಲ, ಇನ್ನೊಬ್ಬರನ್ನು ನೇಮಿಸಲೇಬೇಕು. ತಪ್ಪು ಸರಿಪಡಿಸಲು ಸರ್ಕಾರ ಏನನ್ನು ನಿಲ್ಲಿಸಬೇಕು, ಏನನ್ನು ಶುರು ಮಾಡಬೇಕು ಎಂದು ಕೇಳಿಸಿ, ವಿದ್ಯಾರ್ಥಿಗಳೇ ಬೇರ್ಪಡಿಸುತ್ತಾರೆ.

ಪೋಷಕರು, ಕಲಬುರಗಿ:
ನಮ್ಮ ಹುಡುಗನ 371ಜೆ ಸರ್ಟಿಫಿಕೇಟ್ ಇನ್ನಾ ಬಂದಿಲ್ಲ ರೀ. ಅರ್ಜಿ ಕೊಟ್ಟು ಕುಂತೀವಿ. ಇದು ಯಾವ ಸ್ವಾತಂತ್ರ್ಯ ಆಯ್ತು?

ನಿವೃತ್ತ ಪ್ರಾಧ್ಯಾಪಕರು:
ಅರ್ಜಿಯ ವಿಷಯ ಇಲ್ಲಿ ಬಗೆಹರಿಯದು, ಅಣ್ಣಾರೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ: 371ಜೆ ಅಡಿ ಕಲ್ಯಾಣ ಕರ್ನಾಟಕದವರಿಗೆ ಸೀಟು ಕಾದಿಟ್ಟರೂ ಕಾಗದ ಕೈಗೆ ಬಾರದಿದ್ದರೆ ಸಾಮರ್ಥ್ಯ ಹುಟ್ಟುವುದಿಲ್ಲ. ರೇಷನ್ನಿನದೂ ಹಾಗೆಯೇ. ಹಕ್ಕಿನ ಧಾನ್ಯ ಸಿಗದಿದ್ದರೆ ಭತ್ಯೆ ಕೊಡಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆ ಬರೆದಿಟ್ಟದ್ದು ಅದಕ್ಕೇ.

ಇನ್ನು ಮೇಡಂ ಅವರ ಪದ. 'ತಡೆಯಿಲ್ಲದ' ಒಪ್ಪುತ್ತೇನೆ. 'ಸಾಮರ್ಥ್ಯದ' ಎಂಬುದು 1881ರಲ್ಲಿ ಇಂಗ್ಲೆಂಡಿನ ದಾರ್ಶನಿಕ ಟಿ.ಎಚ್. ಗ್ರೀನ್ ಹೇಳಿದ್ದಕ್ಕೆ ಹೊಂದುತ್ತದೆ: ಮಾಡತಕ್ಕದ್ದನ್ನು ಮಾಡುವ ಶಕ್ತಿ. ರಾಜಕೀಯ ಚಿಂತಕ ಇಸಾಯಾ ಬರ್ಲಿನ್ 1958ರ ಉಪನ್ಯಾಸದಲ್ಲಿ ಸಕಾರಾತ್ಮಕ ಸ್ವಾತಂತ್ರ್ಯದ ಬಗ್ಗೆ ಕೇಳಿದ್ದು ಬೇರೆ, ನನ್ನನ್ನು ಆಳುವವರು ಯಾರು ಎಂದು. ಬಡತನ ನೀಗಿಸುವುದನ್ನು ಅವರು ಸ್ವಾತಂತ್ರ್ಯ ಎನ್ನದೆ, ಸ್ವಾತಂತ್ರ್ಯ ಬಳಕೆಗೆ ಬರಲು ಬೇಕಾದ ಸ್ಥಿತಿ ಎಂದರು. ಪಠ್ಯಪುಸ್ತಕಗಳು ಇಬ್ಬರನ್ನೂ ಕಲಸಿಬಿಡುತ್ತವೆ, ಗೊಂದಲದ ಮೂಲ ಅಲ್ಲಿದೆ.

ವಕೀಲರು, ಬೀದರ್:
1989ರ ತೀರ್ಪು ಒಪ್ಪಿದೆ ರೀ. ಬರ್ಲಿನ್ ಅರ್ಥಕ್ಕ 'ಸ್ವಯಮಾಡಳಿತ' ಅಂದ್ರ ನಡೀತದೇನು?

ಅಧ್ಯಾಪಕಿ:
ಅದನ್ನು ಕೇಳಿದರೆ ನಮ್ಮ ಮಕ್ಕಳಿಗೆ ಗ್ರಾಮ ಪಂಚಾಯಿತಿಯೇ ನೆನಪಾಗುತ್ತದೆ, ಸರ್. 'ತಡೆಯಿಲ್ಲದ', 'ಸಾಮರ್ಥ್ಯದ' ಎರಡನ್ನು ಈ ಸೆಮಿಸ್ಟರ್‌ನಿಂದ ಬಳಸುತ್ತೇನೆ. ಮೂರನೆಯದಕ್ಕೆ ಯಾರಾದರೂ ಪದ ಸೂಚಿಸಿ.