ಅಪ್‌ಡೇಟ್: ಯಾವ ಲೇಖನಕ್ಕೆ ಶ್ರಮ ಹಾಕಲಿ ಎಂದು ಕೇಳಿದ್ದೆ

ನನ್ನ ಪ್ರಶ್ನೆ: "ಶ್ರೀನಿವಾಸಪುರದ ನಮ್ಮ ಮಾವಿನ ನರ್ಸರಿಗೆ ಬರೆದ ಲೇಖನಗಳಲ್ಲಿ ಯಾವುದನ್ನು ತಿದ್ದಿ ಬೆಳೆಸಲಿ? ಹೆಚ್ಚು ಜನ ನೋಡಿದ್ದನ್ನೇ?"

ಎರಡು ತಿಂಗಳ ಲೆಕ್ಕ ತೆಗೆದೆ. ಬೂದಿರೋಗದ ಲೇಖನಕ್ಕೆ 900 ಭೇಟಿ. ವಾಟ್ಸಾಪ್ ಬಟನ್ ಒತ್ತಿ ಸಸಿ ವಿಚಾರಿಸಿದವರು ಇಬ್ಬರೇ. ಕಸಿ ಸಸಿ ಆರಿಸುವ ಲೇಖನಕ್ಕೆ 140 ಭೇಟಿ, ವಿಚಾರಿಸಿದವರು ಏಳು ಜನ. ಬೌನ್ಸ್ ರೇಟ್, ಅಂದರೆ ಬಂದ ಕೂಡಲೇ ಹೊರಟುಹೋದ ಭೇಟಿಗಳ ಪ್ರಮಾಣ, ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಗೂಗಲ್ ಅನಾಲಿಟಿಕ್ಸ್‌ನಲ್ಲಿ ಹತ್ತು ಸೆಕೆಂಡ್ ದಾಟಿ ನಿಂತರೆ ಸಾಕು, ಅದು ಬೌನ್ಸ್ ಅಲ್ಲ. ಅಷ್ಟರಿಂದ ಓದಿದರೋ ಇಲ್ಲವೋ ತಿಳಿಯುವುದಿಲ್ಲ.

ನಾನು ಎಡವಿದ್ದು ಸ್ಕ್ರೋಲ್‌ನಲ್ಲಿ. ಅಲ್ಲಿ ತಾನಾಗಿ ಬರುವ `scroll` ದಾಖಲಾಗುವುದು ಪುಟದ 90% ತಲುಪಿದಾಗ ಮಾತ್ರ. ಕಸಿ ಲೇಖನದಲ್ಲಿ ಅಷ್ಟು ಕೆಳಗೆ ಹೋದವರು ತೀರಾ ಕಡಿಮೆ ಇದ್ದರು, ಯಾರಿಗೂ ಬೇಡವೇನೋ ಅಂದುಕೊಂಡಿದ್ದೆ. ನೀವು ಹೇಳಿದಂತೆ ಗೂಗಲ್ ಟ್ಯಾಗ್ ಮ್ಯಾನೇಜರ್‌ನಲ್ಲಿ ಪುಟದ 25, 50, 75% ತಲುಪಿದಾಗಲೂ ದಾಖಲಾಗುವಂತೆ ಮಾಡಿದ ಮೇಲೆ ಗೊತ್ತಾಯಿತು: ಮುಕ್ಕಾಲು ಪಾಲು ಜನ ಅರ್ಧದವರೆಗೆ, ಅಂದರೆ ಕಸಿ ಗಂಟು ಪರೀಕ್ಷಿಸುವ ಚಿತ್ರದವರೆಗೆ, ಓದುತ್ತಾರೆ. ಬಟನ್ ಇದ್ದದ್ದು ಪುಟದ ಕೊನೆಯಲ್ಲಿ!

ಬಟನ್ ಅನ್ನು ಆ ಚಿತ್ರದ ಕೆಳಗೇ ತಂದಿದ್ದೇನೆ. ಮೂರು ವಾರದಲ್ಲಿ 60 ಭೇಟಿಗೆ ಐದು ವಿಚಾರಣೆ. ಸಂಖ್ಯೆ ಸಣ್ಣದು, ಮುಂಗಾರಿನ ನಾಟಿವರೆಗೆ ಹಾಗೇ ಬಿಟ್ಟು ನೋಡುತ್ತೇನೆ. ಬೂದಿರೋಗದ ಲೇಖನಕ್ಕೆ ಕಸಿ ಲೇಖನದ ಕೊಂಡಿ ಹಾಕಿದ್ದೇನೆ, ಅಷ್ಟೇ.