ಸಹಾಯ ಬೇಕು: ಒಂದೇ ಮಾಸಿನ ಅವಳಿ, ಈಗ 20 ವಾರ

ಎಲ್ಲರಿಗೂ ನಮಸ್ಕಾರ. ನನ್ನ ಹೊಟ್ಟೆಯಲ್ಲಿ ಅವಳಿ ಮಕ್ಕಳಿವೆ. ಚೀಲ ಎರಡು, ಮಾಸು ಮಾತ್ರ ಒಂದೇ. ಅದಕ್ಕೇ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್. ಮಾಸು ಎರಡಿದ್ದಿದ್ದರೆ ನಾಲ್ಕು ವಾರಕ್ಕೊಮ್ಮೆ ಸಾಕಿತ್ತಂತೆ.

ಇಷ್ಟೊಂದು ಸ್ಕ್ಯಾನ್ ಯಾಕೆ ಅಂತ ಅತ್ತೆಗೆ ಭಯ. ಕಳೆದ ಸಲ ಅವರನ್ನೂ ಕರೆದುಕೊಂಡು ಹೋದೆ. ಡಾಕ್ಟರು ಪರದೆ ಮೇಲೆ ತೋರಿಸಿದರು. ಒಂದು ಮಗುವಿನ ಸುತ್ತ ನೀರಿನ ಆಳ 4 ಸೆಂ.ಮೀ., ಇನ್ನೊಂದಕ್ಕೆ 5. ಒಂದೇ ಮಾಸಿನಲ್ಲಿ ಇಬ್ಬರ ರಕ್ತನಾಳಗಳೂ ಕೂಡಿಕೊಂಡಿರುತ್ತವೆ. ಒಬ್ಬರ ರಕ್ತ ಇನ್ನೊಬ್ಬರಿಗೆ ಜಾಸ್ತಿ ಹರಿದರೆ ಒಂದು ಕಡೆ ನೀರು 2 ಸೆಂ.ಮೀ.ಗಿಂತ ಕಡಿಮೆ, ಇನ್ನೊಂದು ಕಡೆ 8ಕ್ಕಿಂತ ಜಾಸ್ತಿ ಆಗುತ್ತದೆ. ಶುರುವಿನಲ್ಲಿ ಇದು ತಾಯಿಗೆ ಗೊತ್ತೇ ಆಗದಿರಬಹುದು, ಸ್ಕ್ಯಾನ್‌ನಲ್ಲೇ ಕಾಣುವುದು. ಹೊಟ್ಟೆ ದಿಢೀರನೆ ಬಿಗಿಯಾದರೆ, ಉಸಿರು ಕಟ್ಟಿದರೆ ಕಾಯದೆ ಬನ್ನಿ ಅಂದರು. ಅತ್ತೆ ಈಗ ತಾರೀಕು ತಾವೇ ನೆನಪಿಸುತ್ತಾರೆ.

ಮೊದಲು 52 ಕೆಜಿ ಇದ್ದೆ, ಈಗ 59. ಜಾಸ್ತಿ ಆಯ್ತು ಅನ್ನುವವರೇ ಎಲ್ಲ. ಆದರೆ ನನ್ನ ಎತ್ತರಕ್ಕೆ ಅವಳಿ ಬಸಿರಲ್ಲಿ ಒಟ್ಟು 17ರಿಂದ 25 ಕೆಜಿ ಏರಬೇಕಂತೆ. ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ. ನೀವು ಹೇಗೆ ತಿಂದಿರಿ?

ಎಲ್ಲ ಸರಿಯಿದ್ದರೂ 36ನೇ ವಾರಕ್ಕೆ ಹೆರಿಗೆ ಮಾಡಿಸುವ ಯೋಚನೆ ಇದೆ. ನಮ್ಮೂರಲ್ಲಿ ಎನ್‌ಐಸಿಯು ಇಲ್ಲ, ಪೇಟೆಗೆ ಎರಡು ಗಂಟೆ ದಾರಿ. ಒಂದೇ ಮಾಸಿನ ಅವಳಿ ಹೆತ್ತವರು ದಯವಿಟ್ಟು ಹೇಳಿ: ಎಷ್ಟನೇ ವಾರಕ್ಕೆ ಆಸ್ಪತ್ರೆ ಹತ್ತಿರ ಹೋಗಿ ಉಳಿದಿರಿ? ಮಕ್ಕಳು ಎನ್‌ಐಸಿಯುನಲ್ಲಿ ಎಷ್ಟು ದಿನ ಇದ್ದವು?