ಸಹಾಯ ಬೇಕು: ಮೇಲ್ದುಟಿಗೆ ಬ್ಲೀಚಾ, ಥ್ರೆಡ್ಡಿಂಗಾ?

ಹಾಸನದ ಅಕ್ಕಂದಿರೇ, ತಂಗಿಯ ವಿಷಯಕ್ಕೆ ನಿಮ್ಮ ಸಲಹೆ ಬೇಕು. ಗೋಧಿ ಮೈಬಣ್ಣ, ಮುಂಗೈ ಮತ್ತು ಮೇಲ್ದುಟಿ ಮೇಲೆ ಎಳೆ ಎಳೆಯಾದ ಕಪ್ಪು ಕೂದಲು. ಮೂರು ವಾರಕ್ಕೆ ಮದುವೆ.

ಕೈಗೆ ಬ್ಲೀಚ್ ಬೇಡ ಅಂತಾಯ್ತು. ಬ್ಲೀಚ್ ಕೂದಲಿನ ಬಣ್ಣವನ್ನಷ್ಟೇ ತೆಗೆಯೋದು. ಈ ಮೈಬಣ್ಣದ ಮೇಲೆ ಅದು ಹೊಂಬಣ್ಣಕ್ಕೆ ತಿರುಗಿ ಬಿಸಿಲಲ್ಲಿ ಇನ್ನೂ ಎದ್ದು ಕಾಣುತ್ತೆ. ಕೂದಲು ಅರ್ಧ ಸೆಂಟಿಮೀಟರ್ ಆದ್ಮೇಲೆ, ಮದುವೆಗೆ ಮೂರು ದಿನ ಮುಂಚೆ ವ್ಯಾಕ್ಸ್ ಮಾಡಿಸ್ತೀವಿ. ಕೆಂಪು ಗುಳ್ಳೆ ಎದ್ದರೂ ಅಷ್ಟರಲ್ಲಿ ಇಳಿಯುತ್ತೆ.

ಗೊಂದಲ ಇರೋದು ತುಟಿದು. ಮೊಡವೆಗೆ ರಾತ್ರಿ ಅಡಾಪಲೀನ್ ಜೆಲ್ ಹಚ್ತಾಳೆ. ಆ ಜೆಲ್ ಹಚ್ಚಿದ ಚರ್ಮ ನಾಜೂಕಾಗಿರುತ್ತೆ, ವ್ಯಾಕ್ಸ್ ಎಳೆದರೆ ಕೂದಲ ಜೊತೆ ಸಿಪ್ಪೆಯೂ ಕಿತ್ತು ಬರುತ್ತೆ, ಆಮೇಲೆ ಅಲ್ಲಿ ಕಪ್ಪು ಕಲೆ ಕೂರುತ್ತೆ. ಬ್ಲೀಚಿನ ಪೆರಾಕ್ಸೈಡ್ ಕೂಡ ಅಲ್ಲಿ ಜೋರಾಗಿ ಉರಿಸುತ್ತೆ. ಹಾಗಾಗಿ ಚರ್ಮರೋಗ ವೈದ್ಯರನ್ನ ಕೇಳಿ ಜೆಲ್ ನಿಲ್ಲಿಸಿ, ಥ್ರೆಡ್ಡಿಂಗ್ ಮಾಡಿಸೋ ಯೋಚನೆ.

ಜೆಲ್ ಹಚ್ಚುವವರಿಗೆ ತುಟಿ ಥ್ರೆಡ್ಡಿಂಗ್ ಮಾಡಿದವರು ಇದ್ದೀರಾ? ಎಷ್ಟು ದಿನ ಮುಂಚೆ ಜೆಲ್ ಬಿಡಿಸಿದ್ರಿ? ಬಿ.ಎಂ. ರಸ್ತೆ ಕಡೆ, ಚರ್ಮ ನೋಡಿ ನಿಧಾನವಾಗಿ ದಾರ ಎಳೆಯೋ ಪಾರ್ಲರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.